ಹಳಿ ಅಡಿಯಿಂದ ಕೆಸರು ಮೇಲೆ ಬರುವುದು ಯಾಕೆ? ಜಲ್ಲಿ ಸುರಿದರೂ ನಿಲ್ಲದ ‘ಮಡ್ ಪಂಪಿಂಗ್’ ಕಥೆ

ಪುತ್ತೂರು: ಮಳೆಗಾಲದಲ್ಲಿ ದರ್ಬೆಯ ಯಾವುದಾದರೂ ಅಂಗಡಿ ಎದುರು ಸಡಿಲವಾದ ಇಂಟರ್‌ಲಾಕ್ ಮೇಲೆ ಕಾಲಿಟ್ಟವರಿಗೆ ಈ ಅನುಭವ ಇದ್ದೇ ಇರುತ್ತದೆ. ಮೇಲಿನಿಂದ ನೋಡಿದರೆ ಕಲ್ಲು ಸರಿಯಾಗಿಯೇ ಕೂತಿದೆ. ಕಾಲಿಟ್ಟ ಕೂಡಲೇ ಅದು ಕೆಳಗಿಳಿದು, ಸಂದಿಯಿಂದ ಕೆಸರು ನೀರು ಪಚಕ್ಕನೆ ಪ್ಯಾಂಟಿಗೆ ಹಾರುತ್ತದೆ. ಕಾಲು ತೆಗೆದರೆ ಕಲ್ಲು ಮತ್ತೆ ಮೇಲೇಳುತ್ತದೆ. ನಾಲ್ಕು ದಿನ ಹೀಗೇ ಆದರೆ ಅಡಿಯ ಹುಡಿಯೆಲ್ಲ ಹೊರಬಂದು ಅಲ್ಲೊಂದು ಗುಂಡಿಯೇ ಆಗಿಬಿಡುತ್ತದೆ.

ರೈಲು ಹಳಿಯ ಅಡಿಯಲ್ಲೂ ಆಗುವುದು ಇದೇ. ವ್ಯತ್ಯಾಸ ಇಷ್ಟೇ: ಇಲ್ಲಿ ಕಾಲಿಡುವುದು 70 ಕಿಲೋದ ಮನುಷ್ಯ, ಅಲ್ಲಿ ಕಾಲಿಡುವುದು ಒಂದೊಂದು ಚಕ್ರಕ್ಕೆ ಹತ್ತು ಟನ್‌ಗೂ ಮೇಲ್ಪಟ್ಟು ಭಾರ ಹೊತ್ತ ಗೂಡ್ಸ್ ರೈಲು. ರೈಲ್ವೆಯವರು ಇದನ್ನು ‘ಮಡ್ ಪಂಪಿಂಗ್’ ಎನ್ನುತ್ತಾರೆ. ಅಂದರೆ ರೈಲಿನ ಭಾರವೇ ಪಂಪ್ ಆಗಿ ನೆಲದ ಕೆಸರನ್ನು ಮೇಲಕ್ಕೆ ಎತ್ತುವುದು. ಮಂಗಳೂರು–ಸುಬ್ರಹ್ಮಣ್ಯ ರೋಡ್–ಹಾಸನ ಮಾರ್ಗ ಹಾದುಹೋಗುವ ನಮ್ಮ ಊರುಗಳಲ್ಲಿ ಈ ರೋಗಕ್ಕೆ ಬೇಕಾದ ಎಲ್ಲವೂ ಇದೆ: ಜೋರು ಮಳೆ, ಗುಡ್ಡೆ ಕಡಿದು ಮಾಡಿದ ದಾರಿ, ಜತೆಗೆ ನೀರು ಕುಡಿದರೆ ಕರಗುವ ಶೇಡಿ ಮಣ್ಣು.

ಹಳಿ ಅಡಿಯಲ್ಲಿ ಏನೇನಿದೆ?

ಹಳಿ ಮತ್ತು ಚಕ್ರ ಒಂದಕ್ಕೊಂದು ತಾಗುವ ಜಾಗ ಒಂದು ನಾಣ್ಯದಷ್ಟು ಅಗಲವೂ ಇಲ್ಲ. ಅಷ್ಟು ಸಣ್ಣ ಜಾಗದ ಮೇಲೆ ಬಿದ್ದ ಭಾರವನ್ನು ಹಂತ ಹಂತವಾಗಿ ಹರಡಿ, ಕೊನೆಗೆ ಮಣ್ಣು ತಡೆದುಕೊಳ್ಳುವಷ್ಟು ಹಗುರ ಮಾಡುವುದೇ ರೈಲು ಮಾರ್ಗದ ಕೆಲಸ. ಹಳಿ ಆ ಭಾರವನ್ನು ನಾಲ್ಕೈದು ಸ್ಲೀಪರ್‌ಗಳಿಗೆ ಹಂಚುತ್ತದೆ. ಸ್ಲೀಪರ್ ಅಂದರೆ ಹಳಿಗೆ ಅಡ್ಡಲಾಗಿ ಹಾಕುವ ಕಾಂಕ್ರೀಟ್ ತೊಲೆ, ಒಂದೊಂದು ಇನ್ನೂರೈವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಸ್ಲೀಪರ್ ಅದನ್ನು ಅಡಿಯ ಜಲ್ಲಿಗೆ ದಾಟಿಸುತ್ತದೆ. ಜಲ್ಲಿ ಇನ್ನಷ್ಟು ಅಗಲಕ್ಕೆ ಹರಡಿ ಮಣ್ಣಿಗೆ ಕೊಡುತ್ತದೆ.

ಈ ಜಲ್ಲಿಗೆ ರೈಲ್ವೆಯಲ್ಲಿ ಬ್ಯಾಲಸ್ಟ್ ಎಂದು ಹೆಸರು. ಮನೆ ಕಟ್ಟುವ ಜಲ್ಲಿಗಿಂತ ದೊಡ್ಡದು. 65 ಮಿ.ಮೀ.ನಿಂದ 20 ಮಿ.ಮೀ. ಒಳಗಿನ, ಮೂಲೆಗಳು ಚೂಪಾಗಿರುವ ಗಟ್ಟಿ ಕರಿಕಲ್ಲೇ ಆಗಬೇಕು. ಹೊಳೆಯ ಉರುಟು ಕಲ್ಲು ಆಗದು, ಜಾರಿಬಿಡುತ್ತದೆ. ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದರಿಂದ ಹಳಿ ಅತ್ತಿತ್ತ ಸರಿಯುವುದಿಲ್ಲ. ಸ್ಲೀಪರ್ ಅಡಿಯಲ್ಲಿ ಇದು ಸುಮಾರು ಒಂದು ಅಡಿ, ಅಂದರೆ 300 ಮಿ.ಮೀ. ದಪ್ಪಕ್ಕೆ ಇರಬೇಕು.

ಜಲ್ಲಿಯಲ್ಲಿ ಕಲ್ಲು ಎಷ್ಟು ಮುಖ್ಯವೋ ಕಲ್ಲುಗಳ ನಡುವಿನ ಸಂದಿಯೂ ಅಷ್ಟೇ ಮುಖ್ಯ. ಬಿದ್ದ ಮಳೆ ನಿಮಿಷದಲ್ಲಿ ಕೆಳಗಿಳಿದು ಬದಿಗೆ ಹೋಗುವುದು ಆ ಸಂದಿಯಿಂದ. ಜಲ್ಲಿಯ ಅಡಿಯ ಮಣ್ಣಿನ ಹಾಸನ್ನು ‘ಫಾರ್ಮೇಶನ್’ ಎನ್ನುತ್ತಾರೆ. ಅದನ್ನೂ ಮಟ್ಟಸವಾಗಿ ಮಾಡುವುದಿಲ್ಲ, ಬದಿಗೆ 30ಕ್ಕೆ 1ರಷ್ಟು ಇಳಿಜಾರು ಕೊಡುತ್ತಾರೆ. ಮನೆಯ ತಾರಸಿಗೆ ನೀರು ನಿಲ್ಲದ ಹಾಗೆ ಓರೆ ಕೊಟ್ಟಂತೆ. ಆ ನೀರು ಪಕ್ಕದ ಕಣಿಗೆ, ಕಣಿಯಿಂದ ಮೋರಿಗೆ, ಮೋರಿಯಿಂದ ತೋಡಿಗೆ ಹೋಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಟ್ಟಿಕೊಂಡರೂ ತೊಂದರೆ ಅಲ್ಲಿಂದಲೇ ಶುರು.

ಪಂಪ್ ಶುರುವಾಗುವುದು ಹೇಗೆ?

ಮಡ್ ಪಂಪಿಂಗ್‌ಗೆ ಮೂರು ಬೇಕು: ನುಣುಪು ಮಣ್ಣು ಅಥವಾ ಹುಡಿ, ನೀರು, ಮತ್ತೆ ಮತ್ತೆ ಬೀಳುವ ಭಾರ. ಮೂರರಲ್ಲಿ ಒಂದು ಇಲ್ಲದಿದ್ದರೂ ಕೆಸರು ಏಳುವುದಿಲ್ಲ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಅದೇ ರೈಲು ಓಡಿದರೂ ಏನೂ ಆಗದಿರುವುದು ಇದೇ ಕಾರಣಕ್ಕೆ.

ಭಾರದ ಲೆಕ್ಕ ಒಮ್ಮೆ ನೋಡಿ. ತುಂಬಿದ ಒಂದು ಗೂಡ್ಸ್ ವ್ಯಾಗನ್‌ನ ತೂಕ 90 ಟನ್ ದಾಟುತ್ತದೆ. ಅದಕ್ಕೆ ನಾಲ್ಕು ಅಚ್ಚು. ಹಾಗಾಗಿ ಒಂದು ಅಚ್ಚಿಗೆ 22ರಿಂದ 23 ಟನ್. 40 ವ್ಯಾಗನ್‌ನ ಒಂದು ರೈಲು ಹೋದರೆ ಒಂದು ಸ್ಲೀಪರ್ ಮೇಲೆ ಇಂಥ 160 ಅಚ್ಚುಗಳು ಹಾದವು ಎಂದಾಯಿತು. ದಿನಕ್ಕೆ ಅಂಥ ಐದು ರೈಲು ಹೋದರೆ 800 ಸಲ. ಮಳೆಗಾಲದ ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ ಸಲ ಆ ಜಾಗವನ್ನು ಒತ್ತಿ ಬಿಟ್ಟಂತೆ.

ಈಗ ಜಲ್ಲಿಯ ಅಡಿಯಲ್ಲಿ ನೀರು ನಿಂತಿದೆ ಎಂದುಕೊಳ್ಳಿ. ಅಚ್ಚು ಬಂದ ಕ್ಷಣ ಮಣ್ಣು ಒತ್ತಲ್ಪಡುತ್ತದೆ. ಮರಳಾಗಿದ್ದರೆ ನೀರು ಬೇಗ ಪಕ್ಕಕ್ಕೆ ಸರಿದುಬಿಡುತ್ತದೆ. ನುಣುಪು ಮಣ್ಣಿನಲ್ಲಿ ಸಂದಿ ಬಹಳ ಕಿರಿದು, ಅರೆ ಕ್ಷಣದಲ್ಲಿ ನೀರಿಗೆ ಹೊರಗೆ ಹೋಗಲು ಆಗುವುದಿಲ್ಲ. ಆಗ ಭಾರವನ್ನು ಮಣ್ಣಿನ ಕಣಗಳ ಬದಲು ನೀರೇ ಹೊರಬೇಕಾಗುತ್ತದೆ. ಕಣಗಳು ಒಂದಕ್ಕೊಂದು ಹಿಡಿದಿದ್ದ ಹಿಡಿತ ತಪ್ಪಿ, ಗಟ್ಟಿ ನೆಲ ದೋಸೆ ಹಿಟ್ಟಿನಂತೆ ಆಗುತ್ತದೆ. ಅದರೊಳಗೆ ಜಲ್ಲಿ ಕಲ್ಲು ಇಳಿಯುತ್ತದೆ, ಜಲ್ಲಿಯ ಸಂದಿಗೆ ಕೆಸರು ಏರುತ್ತದೆ.

ಅಚ್ಚು ದಾಟಿದ ಮೇಲೆ ಇನ್ನೊಂದು ಆಟ. ಬಾಗಿದ್ದ ಹಳಿ ಸ್ಪ್ರಿಂಗ್‌ನಂತೆ ಮೇಲೇಳುತ್ತದೆ, ತನಗೆ ಬಿಗಿದ ಸ್ಲೀಪರನ್ನೂ ಎತ್ತುತ್ತದೆ. ಅಡಿಯಲ್ಲಿ ಖಾಲಿ ಜಾಗ ಉಂಟಾಗಿ ಕೆಸರನ್ನು ಎಳೆದುಕೊಳ್ಳುತ್ತದೆ. ಮುಂದಿನ ಅಚ್ಚು ಬಂದಾಗ ಸ್ಲೀಪರ್ ಧಡಕ್ಕನೆ ಕೂತು ಆ ಕೆಸರನ್ನು ಬದಿಯಿಂದ ಹೊರಕ್ಕೆ ಚಿಮ್ಮಿಸುತ್ತದೆ. ಬಾವಿಯ ಕೈಪಂಪಿನ ಹಿಡಿ ಒತ್ತಿ ಎತ್ತಿದಂತೆಯೇ.

ಒಮ್ಮೆ ಶುರುವಾದರೆ ಇದು ತನ್ನಷ್ಟಕ್ಕೆ ಹೆಚ್ಚುತ್ತಾ ಹೋಗುತ್ತದೆ. ಅಡಿ ಟೊಳ್ಳಾದ ಸ್ಲೀಪರ್ ಭಾರ ಹೊರದೆ ಹಳಿಗೇ ನೇತಾಡುತ್ತದೆ. ಅದರ ಪಾಲಿನ ಭಾರ ಅಕ್ಕಪಕ್ಕದ ಸ್ಲೀಪರ್‌ಗಳಿಗೆ ಬೀಳುತ್ತದೆ, ಅವುಗಳ ಅಡಿಯೂ ಕೆಡುತ್ತದೆ. ಕೆಸರು ತುಂಬಿದ ಜಲ್ಲಿ ಭಾರ ಹರಡುವುದಿಲ್ಲ, ನೀರನ್ನೂ ಬಿಡುವುದಿಲ್ಲ. ಒಂದು ಸ್ಲೀಪರ್‌ನಲ್ಲಿ ಆರಂಭವಾದದ್ದು ಕೆಲವು ಮಳೆಗೆ ಹತ್ತು ಹದಿನೈದು ಸ್ಲೀಪರ್‌ಗೆ ಹಬ್ಬುವುದು ಹೀಗೆ.

ಶೇಡಿ ಮಣ್ಣಿನ ಪಾತ್ರ

ಬಾವಿ ತೋಡಿಸಿದವರಿಗೆ ನಮ್ಮ ನೆಲದ ಒಳಗು ಗೊತ್ತು. ಮೇಲೆ ಸ್ವಲ್ಪ ಕೆಂಪು ಮಣ್ಣು, ಅದರಡಿ ಮುರಕಲ್ಲು, ಮುರಕಲ್ಲು ಮುಗಿದ ಮೇಲೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣ್ಣನೆ ಶೇಡಿ, ಅದಕ್ಕೂ ಕೆಳಗೆ ಕರಿಕಲ್ಲು. ಬಾವಿ ಕೆಲಸದವರು ‘ಶೇಡಿ ಬಂತು’ ಎಂದರೆ ರಿಂಗ್ ಇಳಿಸದೆ ಗತಿಯಿಲ್ಲ ಎಂದೇ ಅರ್ಥ.

ಒಣಗಿದ್ದಾಗ ಈ ಶೇಡಿ ಬಲು ಗಟ್ಟಿ, ಪಿಕ್ಕಾಸು ಹಾಕಿದರೆ ಮಾತ್ರ ಏಳುತ್ತದೆ. ನೀರು ಹೀರಿದ ಮೇಲೆ ಶಕ್ತಿಯೆಲ್ಲ ಹೋಗುತ್ತದೆ. ಎರೆ ಮಣ್ಣಿನಂತೆ ಅಂಟೂ ಇದಕ್ಕೆ ಹೆಚ್ಚಿಲ್ಲ, ಆದ್ದರಿಂದ ಹರಿಯುವ ನೀರಿನೊಂದಿಗೆ ಸುಲಭವಾಗಿ ತೊಳೆದುಹೋಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಗುಣ, ಅದನ್ನು ಗಟ್ಟಿ ಮಾಡುವ ವಿಧಾನಗಳ ಬಗ್ಗೆ ಅಧ್ಯಯನಗಳು ನಡೆದಿರುವುದು ಇದೇ ಕಾರಣಕ್ಕೆ. ಕರಾವಳಿಯ ರಸ್ತೆ, ರೈಲು, ಕಟ್ಟಡ ಎಲ್ಲಕ್ಕೂ ಇದು ಹಳೆಯ ತಲೆನೋವು.

ಗುಡ್ಡೆಯನ್ನು ಆಳವಾಗಿ ಕಡಿದು ದಾರಿ ಮಾಡಿದರೆ ಮುರಕಲ್ಲಿನ ಪದರ ದಾಟಿ ಶೇಡಿಯ ಮೇಲೆಯೇ ಹಳಿ ಕೂರುವ ಸಾಧ್ಯತೆ ಇದೆ. ಅದೂ ಅಲ್ಲದೆ ಗುಡ್ಡೆ ಕಡಿದ ಜಾಗದಲ್ಲಿ ಎರಡೂ ಬದಿಯ ಬರೆಯಿಂದ ನೀರು ಇಳಿದು ಬರುವುದು ಹಳಿಯ ಕಡೆಗೇ. ಮಣ್ಣು ತುಂಬಿ ಎತ್ತರಿಸಿದ ದಿಣ್ಣೆಯ ಮೇಲಿನ ಹಳಿಯಲ್ಲಿ ನೀರು ಇಬ್ಬದಿಗೆ ಜಾರಿಹೋಗುತ್ತದೆ. ಕಡಿದ ಜಾಗದಲ್ಲಿ ಕಣಿಯೊಂದೇ ದಾರಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಆ ಕಣಿ ಮುಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಜಾಗದ ಕಥೆ

ತಿಳಿಯಲು ಸುಲಭವಾಗಲಿ ಎಂದು ಒಂದು ಕಲ್ಪಿತ ಜಾಗ ತೆಗೆದುಕೊಳ್ಳೋಣ. ಗುಡ್ಡೆ ಕಡಿದ ತಿರುವು, ಶೇಡಿ ನೆಲ, ಏಕಪಥ. ಮೇ ತಿಂಗಳ ಕೊನೆಯ ಮಳೆಗೆ ಬರೆಯಿಂದ ಎರಡು ಬುಟ್ಟಿ ಮಣ್ಣು ಜರಿದು ಕಣಿಗೆ ಬಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ. ಜೂನ್‌ನಲ್ಲಿ ಅದರ ಮೇಲೆ ಎಲೆ, ಪ್ಲಾಸ್ಟಿಕ್ ಸೇರಿ ಕಟ್ಟ ಹಾಕಿದಂತಾಯಿತು. ಕಣಿಯ ನೀರು ಜಲ್ಲಿಯ ಅಡಿಗೇ ತಿರುಗಿತು.

ಜೂನ್ ಕೊನೆಗೆ ಎರಡು ಸ್ಲೀಪರ್‌ಗಳ ತುದಿಯಲ್ಲಿ ಬಿಳಿ ಕೆಸರಿನ ಚಿಮ್ಮು ಕಾಣಿಸಿತು. ಜುಲೈಯಲ್ಲಿ ಅಲ್ಲಿ ಹಳಿ ಕೆಲವು ಮಿಲಿಮೀಟರ್ ತಗ್ಗಿತು. ಗ್ಯಾಂಗ್‌ನವರು ಬಂದು ಹಳಿ ಎತ್ತಿ, ಸ್ಲೀಪರ್ ಅಡಿಗೆ ಜಲ್ಲಿ ಒತ್ತಿ ಮಟ್ಟ ಮಾಡಿದರು. ಹತ್ತು ದಿನಕ್ಕೆ ಮತ್ತೆ ತಗ್ಗಿತು. ಮತ್ತೆ ಎತ್ತಿದರು. ಈ ಸಲ ಒಂದು ವಾರವೂ ನಿಲ್ಲಲಿಲ್ಲ. ಕೊನೆಗೆ ಆ ಜಾಗಕ್ಕೆ ವೇಗ ಮಿತಿ ಬಿತ್ತು, ಎಲ್ಲ ರೈಲುಗಳೂ ಅಲ್ಲಿ ನಿಧಾನ.

ಎಲ್ಲಿ ತಪ್ಪಿತು? ಜಲ್ಲಿ ಕಡಿಮೆ ಆದದ್ದಲ್ಲ. ಎತ್ತಿ ಒತ್ತಿದ ಹೊಸ ಜಲ್ಲಿ ಕೆಸರಿನೊಳಗೆ ಇಳಿಯಿತು, ಅಷ್ಟೇ ಕೆಸರು ಮೇಲೆ ಬಂತು. ಮಣ್ಣಿನಲ್ಲಿ ಸಣ್ಣ ಬಟ್ಟಲಿನಂಥ ಗುಳಿಯಾಗಿ, ಅದರಲ್ಲಿ ನೀರು ನಿಲ್ಲತೊಡಗಿತು. ಮಳೆ ಬಿಟ್ಟ ಮೇಲೂ ಆ ಗುಳಿಯ ನೀರು ಬೇಗ ಆರುವುದಿಲ್ಲ. ಅಂದರೆ ಪ್ರತಿ ಸಲ ಮೇಲಿಂದ ಜಲ್ಲಿ ಹಾಕಿದಾಗ ಅಡಿಯ ಗುಳಿ ಇನ್ನಷ್ಟು ಆಳವಾಗುತ್ತಿತ್ತು. ನೀರನ್ನು ಹೊರಗೆ ಬಿಡದೆ ಮಾಡಿದ ಯಾವ ರಿಪೇರಿಯೂ ಇಲ್ಲಿ ಬಾಳುವುದಿಲ್ಲ.

ಕೆಸರಿನ ಬಣ್ಣ ಏನು ಹೇಳುತ್ತದೆ?

ಮೇಲೆ ಬಂದ ಕೆಸರೆಲ್ಲ ನೆಲದ್ದೇ ಆಗಬೇಕೆಂದಿಲ್ಲ. ಜಲ್ಲಿ ಕಲ್ಲು ವರ್ಷಾನುಗಟ್ಟಲೆ ಒಂದಕ್ಕೊಂದು ತಿಕ್ಕಿ ಹುಡಿಯಾಗುತ್ತದೆ. ಗೂಡ್ಸ್ ವ್ಯಾಗನ್‌ನಿಂದ ಕಲ್ಲಿದ್ದಲು, ಅದಿರಿನ ಹುಡಿ ಉದುರುತ್ತದೆ. ಲೆವೆಲ್ ಕ್ರಾಸಿಂಗ್‌ನಲ್ಲಿ ವಾಹನದ ಟಯರಿನಿಂದ ರಸ್ತೆಯ ಕೆಸರು ಬರುತ್ತದೆ. ಇವೆಲ್ಲ ಸಂದಿ ತುಂಬಿ ನೀರು ನಿಂತರೂ ಪಂಪಿಂಗ್ ಆಗುತ್ತದೆ.

ಎರಡಕ್ಕೂ ಔಷಧ ಬೇರೆ ಬೇರೆ, ಆದ್ದರಿಂದ ಮೊದಲು ಕೆಸರು ಎಲ್ಲಿಂದ ಬಂತೆಂದು ಗುರುತಿಸಬೇಕು. ಬೂದು ಅಥವಾ ಕಪ್ಪು ಕೆಸರಾದರೆ ಕಲ್ಲಿನ ಹುಡಿ, ಕಲ್ಲಿದ್ದಲಿನ ಹುಡಿಯ ಮೇಲೆ ಅನುಮಾನ. ಕೆಂಪು, ಹಳದಿ, ಬಿಳಿಯಾದರೆ ಊರಿನ ಮಣ್ಣಿನ ಮೇಲೆ. ಬಣ್ಣ ಮೊದಲ ಸುಳಿವು ಮಾತ್ರ. ಖಚಿತವಾಗಬೇಕಾದರೆ ಸ್ಲೀಪರ್ ತುದಿಯಲ್ಲಿ ಗುಂಡಿ ತೋಡಿ ಜಲ್ಲಿಯ ಪದರ ನೋಡಬೇಕು. ಮೇಲ್ಭಾಗ ಕೆಸರಾಗಿದ್ದು ತಳದ ಜಲ್ಲಿ ಸ್ವಚ್ಛವಾಗಿದ್ದರೆ ಕೆಸರು ಮೇಲಿನದ್ದು. ತಳವೇ ಮಣ್ಣಿನಲ್ಲಿ ಹೂತು, ಅಲ್ಲಿಂದ ಮೇಲಕ್ಕೆ ಕೆಸರು ಏರಿದ್ದರೆ ಫಾರ್ಮೇಶನ್ನೇ ಸೋತಿದೆ ಎಂದರ್ಥ.

ನಿಜವಾದ ಚಿಕಿತ್ಸೆ

ಯಾವ ಕೇಸಾದರೂ ಮೊದಲ ಕೆಲಸ ನೀರಿಗೆ ದಾರಿ ಮಾಡುವುದು. ಕಣಿ ಬಿಡಿಸಬೇಕು, ಕಣಿಯ ತಳ ಜಲ್ಲಿಯ ತಳಕ್ಕಿಂತ ಕೆಳಗಿರಬೇಕು, ಹೊರಹೋಗುವ ಮೋರಿ ತೆರೆದಿರಬೇಕು. ಬರೆಯ ಮೇಲಿನಿಂದ ಹರಿದು ಬರುವ ನೀರನ್ನು ಅಲ್ಲೇ ಮೇಲೆ ಇನ್ನೊಂದು ಕಣಿ ತೋಡಿ ಹಿಡಿದು ಬೇರೆ ಕಡೆ ಬಿಡಬೇಕು. ಎಷ್ಟೋ ಕಡೆ ಇಷ್ಟು ಮಾಡಿದರೆ ಅರ್ಧ ರೋಗ ಹೋಗುತ್ತದೆ.

ಜಲ್ಲಿಯಷ್ಟೇ ಕೆಟ್ಟಿದ್ದರೆ ಅದನ್ನು ತಳದವರೆಗೂ ತೆಗೆದು ಜರಡಿ ಹಿಡಿದು, ಹುಡಿ ಎಸೆದು, ಒಳ್ಳೆ ಕಲ್ಲನ್ನು ಮತ್ತೆ ತುಂಬುತ್ತಾರೆ. ಇದಕ್ಕೆ ಡೀಪ್ ಸ್ಕ್ರೀನಿಂಗ್ ಎಂದು ಹೆಸರು. ಬ್ರಾಡ್‌ಗೇಜ್‌ನಲ್ಲಿ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ. ಸ್ಲೀಪರ್ ಅಡಿಗೆ ಸರಪಳಿ ಹಾಯಿಸಿ ಜಲ್ಲಿ ಕೆದಕಿ ತೆಗೆಯುವ ದೊಡ್ಡ ಯಂತ್ರಗಳು ಇದಕ್ಕೆ ಇವೆ.

ಮಣ್ಣೇ ಸೋತಿದ್ದರೆ ಜರಡಿ ಹಿಡಿದು ಪ್ರಯೋಜನವಿಲ್ಲ, ಮುಂದಿನ ಮಳೆಗೆ ಕೆಸರು ಮತ್ತೆ ಏರುತ್ತದೆ. ಆಗ ಜಲ್ಲಿಗೂ ಮಣ್ಣಿಗೂ ನಡುವೆ ‘ಬ್ಲಾಂಕೆಟ್’ ಎಂಬ ಪದರ ಹಾಕಬೇಕು. ಹೆಸರು ಕೇಳಿ ಬಟ್ಟೆ ಎಂದುಕೊಳ್ಳಬಾರದು. ಇದು ದಪ್ಪದಿಂದ ಸಣ್ಣದರವರೆಗೆ ಎಲ್ಲ ಗಾತ್ರದ ಕಣ ಲೆಕ್ಕಪ್ರಕಾರ ಬೆರೆಸಿದ, ನುಣುಪು ಮಣ್ಣು ತೀರಾ ಕಡಿಮೆ ಇರುವ ಮರಳು-ಕಲ್ಲುಹುಡಿಯ ಹಾಸು. ಅಡಿಯ ಮಣ್ಣು ಎಷ್ಟು ದುರ್ಬಲ ಎಂಬುದನ್ನು ನೋಡಿ ದಪ್ಪ ನಿರ್ಧರಿಸುತ್ತಾರೆ, ತೀರಾ ಕೆಟ್ಟ ಮಣ್ಣಿಗೆ ಒಂದು ಮೀಟರ್‌ವರೆಗೂ ಬೇಕಾಗುತ್ತದೆ. ಇದು ಜರಡಿಯಂತೆ ಕೆಲಸ ಮಾಡುತ್ತದೆ: ನೀರನ್ನು ಬಿಡುತ್ತದೆ, ಮಣ್ಣಿನ ಕಣವನ್ನು ಬಿಡುವುದಿಲ್ಲ. ಜತೆಗೆ ಭಾರವನ್ನೂ ಇನ್ನಷ್ಟು ಹರಡುತ್ತದೆ.

ಜಿಯೋಟೆಕ್ಸ್‌ಟೈಲ್ ಎಂಬ ದಪ್ಪ ಸಿಂಥೆಟಿಕ್ ಬಟ್ಟೆಯನ್ನೂ ಹಾಸುತ್ತಾರೆ. ಆದರೆ ಬಟ್ಟೆಯನ್ನಷ್ಟೇ ನುಣುಪು ಮಣ್ಣಿನ ಮೇಲೆ ಹಾಸಿ ಜಲ್ಲಿ ಸುರಿದರೆ ಚೂಪು ಕಲ್ಲು ಅದನ್ನು ಹರಿಯಬಹುದು, ಕೆಸರು ಅದರ ರಂಧ್ರ ಕಟ್ಟಬಹುದು. ಹಾಗಾಗಿ ಮರಳಿನ ಹಾಸಿನೊಂದಿಗೆ ಸೇರಿಸಿಯೇ ಬಳಸಬೇಕು.

ಏಕಪಥದಲ್ಲಿ ದೊಡ್ಡ ಸಮಸ್ಯೆ ಸಮಯದ್ದು. ಬ್ಲಾಂಕೆಟ್ ಹಾಕಲು ಹಳಿ, ಸ್ಲೀಪರ್, ಜಲ್ಲಿ ಎಲ್ಲ ತೆಗೆದು ಮಣ್ಣು ಅಗೆಯಬೇಕು. ಅಷ್ಟು ಹೊತ್ತು ರೈಲು ನಿಲ್ಲಿಸಬೇಕು, ಬದಲಿ ಹಳಿ ಇಲ್ಲ. ಹಾಗಾಗಿಯೇ ಎಲ್ಲ ಕಡೆಯೂ ಎತ್ತಿ ಒತ್ತುವ ತಾತ್ಕಾಲಿಕ ರಿಪೇರಿ, ವೇಗ ಮಿತಿಯಲ್ಲೇ ಮಳೆಗಾಲ ಕಳೆದು, ದೊಡ್ಡ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ವಾಡಿಕೆ.

ಕೆಸರಿನಿಂದ ಕುಸಿತದವರೆಗೆ

ಮಡ್ ಪಂಪಿಂಗ್ ನಿಧಾನದ ರೋಗ. ಅದೇ ನೀರು ದಿಣ್ಣೆಯ ಒಳಗೆ ಸೇರಿದರೆ ದಿಣ್ಣೆಯೇ ಜಾರುತ್ತದೆ. 2024ರ ಜುಲೈ 26ರಂದು ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಜಾರಿದ್ದನ್ನು ಈ ಭಾಗದವರು ಮರೆತಿಲ್ಲ. ಬಂಡೆಗಲ್ಲು, ಮರಳು ಚೀಲ, ತಂತಿ ಬಲೆಯ ಕಲ್ಲಿನ ಪೆಟ್ಟಿಗೆಗಳಿಂದ ಅಡಿಯಿಂದಲೇ ಕಟ್ಟಿಕೊಂಡು ಬರಬೇಕಾಯಿತು. ಮೊದಲು ಗೂಡ್ಸ್ ರೈಲು ಬಿಟ್ಟು ನೋಡಿ, ಆಮೇಲೆ ಆಗಸ್ಟ್‌ನಲ್ಲಿ ಪ್ರಯಾಣಿಕರ ರೈಲು ಬಿಟ್ಟರು. ಅಲ್ಲಿಯವರೆಗೆ ಈ ಮಾರ್ಗವಾಗಿ ಬೆಂಗಳೂರಿಗೆ ಹೋಗುವವರಿಗೆ ರೈಲು ಇರಲಿಲ್ಲ. ಅದೇ ಮಳೆಗೆ ಘಾಟಿ ರಸ್ತೆಯಲ್ಲೂ ಕುಸಿತ ಇದ್ದುದರಿಂದ ಜನರಿಗೂ ಸರಕಿಗೂ ಪರದಾಟವಾಯಿತು.

ಎರಡೂ ಒಂದೇ ಕಾಯಿಲೆಯಲ್ಲ. ಒಂದು ಹಳಿಯ ಕೆಳಗಿನ ಒಂದೆರಡು ಅಡಿಯದ್ದು, ಇನ್ನೊಂದು ಇಡೀ ದಿಣ್ಣೆಯದ್ದು. ಆದರೆ ಎರಡರ ಹಿಂದೆಯೂ ಇರುವುದು ಹೊರಗೆ ಹೋಗಲಾಗದ ನೀರು.

ಊರವರು ಏನು ಗಮನಿಸಬಹುದು?

ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯಡಿ ಅಪರಾಧ, ಅದರ ಅಗತ್ಯವೂ ಇಲ್ಲ. ಪ್ಲಾಟ್‌ಫಾರ್ಮ್‌ನಲ್ಲಿ, ಗೇಟಿನ ಹೊರಗೆ ನಿಂತಾಗಲೇ ಕೆಲವು ಗುರುತು ಕಾಣುತ್ತವೆ. ಸುತ್ತ ಕರಿ ಜಲ್ಲಿ ಇದ್ದು ಒಂದೇ ಕಡೆ ಸ್ಲೀಪರ್ ತುದಿಗೆ ಕೆಸರು ಮೆತ್ತಿರುವುದು, ರೈಲು ಹೋಗುವಾಗ ಅಲ್ಲಿ ನೀರು ಚಿಮ್ಮುವುದು, ಸ್ಲೀಪರ್ ಏಳುತ್ತಾ ಬೀಳುತ್ತಾ ಧಡಧಡ ಸದ್ದು ಬರುವುದು, ಜಲ್ಲಿಯಲ್ಲಿ ಹುಲ್ಲು ಬೆಳೆದಿರುವುದು. ಹುಲ್ಲು ಬೆಳೆದಿದೆ ಎಂದರೆ ಅದರ ಬೇರಿಗೆ ಬೇಕಾದಷ್ಟು ಮಣ್ಣು ಜಲ್ಲಿಯಲ್ಲಿ ಸೇರಿದೆ ಎಂದೇ ಲೆಕ್ಕ.

ಇಂಥದ್ದು ಕಂಡರೆ ಹತ್ತಿರದ ಸ್ಟೇಷನ್ ಮಾಸ್ಟರ್‌ಗೆ, ಗೇಟ್‌ಮ್ಯಾನ್‌ಗೆ ಅಥವಾ 139ಕ್ಕೆ ಹೇಳಬಹುದು. ಹಳಿಯ ಬದಿಯಲ್ಲಿ ಇಂತಿಷ್ಟು ದೂರಕ್ಕೆ ನೆಟ್ಟಿರುವ ಕಿಲೋಮೀಟರ್ ಕಲ್ಲು, ಕಂಬಗಳ ನಂಬರ್ ಹೇಳಿದರೆ ಜಾಗ ಹುಡುಕುವುದು ಸಲೀಸು. ಬರೆ ಜರಿದದ್ದು, ಹಳಿ ಅಡಿಯ ಮಣ್ಣು ಕೊಚ್ಚಿಹೋದದ್ದು ಕಂಡರೆ ಮಾತ್ರ ಮರುದಿನಕ್ಕೆ ಇಡುವಂತಿಲ್ಲ, ಆ ಕ್ಷಣವೇ ತಿಳಿಸಬೇಕು.

ಇನ್ನೊಂದು ಕೆಲಸ ಊರವರ ಕೈಯಲ್ಲೇ ಇದೆ. ರೈಲ್ವೆ ಕಣಿ ಹಲವು ಕಡೆ ನಮ್ಮ ತೋಟ, ತೋಡು, ಊರಿನ ಚರಂಡಿಗೇ ಸೇರುವುದು. ಅಂಗಡಿಯ ಪ್ಲಾಸ್ಟಿಕ್, ತೋಟದ ಸೋಗೆ, ಮನೆ ಕಟ್ಟುವಾಗ ಉಳಿದ ಮಣ್ಣನ್ನು ಆ ಮೋರಿಯ ಬಾಯಿಗೆ ಹಾಕಿದರೆ ನೀರು ಹಿಂದಕ್ಕೆ ನಿಂತು ಹಳಿಯ ಅಡಿಗೇ ಸೇರುತ್ತದೆ. ಮೇ ತಿಂಗಳಲ್ಲಿ ತೋಟದ ಕಣಿ ಬಿಡಿಸುವಾಗ ಆ ಮೋರಿಯ ಹೊರಬಾಯಿ ತೆರೆದಿದೆಯೇ ಎಂದು ಒಮ್ಮೆ ನೋಡಿದರೆ, ಆಗಸ್ಟ್‌ನಲ್ಲಿ ಸುಬ್ರಹ್ಮಣ್ಯ ಪ್ಯಾಸೆಂಜರ್ ಯಾಕೆ ಲೇಟು ಎಂದು ಕೇಳುವ ಪ್ರಸಂಗ ಒಂದಾದರೂ ಕಡಿಮೆಯಾದೀತು.